ಮುಖ ಕಾಣದವರಿಗೆ ‘ನೀವು’

ಅಂಗಡಿಗೆ ಬಂದವರ ಮುಖ ನೋಡಿದ ಕೂಡಲೇ ‘ಬನ್ನಿ ಅಮ್ಮ’, ‘ಏನ್ ಬೇಕಣ್ಣ’, ‘ಏನೋ ಪುಟ್ಟ’ ಅಂತ ಬಾಯಿಗೆ ತಾನಾಗಿಯೇ ಬರುತ್ತದೆ. ಚಾಟಿನಲ್ಲಿ ಆ ಮುಖವೇ ಇಲ್ಲ. ನಂಬರು ಅಪ್ಪನದ್ದು, ಬರೆಯುತ್ತಿರುವುದು ಮಗಳು, ಸಾಮಾನು ಅಜ್ಜಿಗೆ. ಹೀಗಿರುವಾಗ ಯಾರ ವಯಸ್ಸಿಗೆ ತಕ್ಕಂತೆ ಮಾತಾಡುವುದು?

ಅಡುಗೆ ಪಾತ್ರೆ ಮಾರುವ ಒಂದು ಆನ್‌ಲೈನ್ ಅಂಗಡಿಗೆ ಕನ್ನಡ ಉತ್ತರಗಳನ್ನು ತಿದ್ದಿಕೊಡುವಾಗ ನನಗೆ ಎದುರಾದ ಪ್ರಶ್ನೆ ಇದು. ಅಲ್ಲಿ ಮೊದಲು ಒಂದು ಲೆಕ್ಕಾಚಾರ ಇತ್ತು: ಹಿರಿಯರಂತೆ ಕಂಡರೆ ‘ತಾವು’, ಉಳಿದವರಿಗೆ ‘ನೀವು’, ಹುಡುಗರಿಗೆ ಸಲುಗೆಯಿಂದ ‘ನೀನು’. ‘ನೀನು’ ಬೇಗ ಬಿದ್ದುಹೋಯಿತು. ಹದಿನೇಳರ ಹುಡುಗನಿಗೂ ಗೆಳೆಯರ ಬಾಯಲ್ಲಿ ಅದು ಸಲುಗೆ, ದುಡ್ಡು ತೆಗೆದುಕೊಂಡ ಅಂಗಡಿಯವರ ಬಾಯಲ್ಲಿ ಅಸಡ್ಡೆ. ತೊಂದರೆ ಕೊಟ್ಟದ್ದು ‘ತಾವು’.

ಮಿಕ್ಸಿ ಜಾರ್ ಒಡೆದು ಬಂದಿದೆ ಎಂದು ಒಬ್ಬರು ಬರೆದಿದ್ದರು. ಹೋದ ಉತ್ತರ ಇದು: ‘ಕೊರಿಯರ್‌ನವರು ತಮ್ಮ ಮೊಬೈಲಿಗೆ ಬಂದ ಒಟಿಪಿ ಹಾಕಿಕೊಂಡು ಜಾರ್ ವಾಪಸ್ ತೆಗೆದುಕೊಳ್ಳುತ್ತಾರೆ.’ ಓದಿದವರಿಗೆ ಒಟಿಪಿ ಬರುವುದು ಕೊರಿಯರ್‌ನವರ ಮೊಬೈಲಿಗೆ ಅನ್ನಿಸಿತು. ತಪ್ಪು ಅವರದಲ್ಲ. ‘ತಮ್ಮ’ ಎಂದರೆ ಎದುರಿರುವವರ ಎಂದೂ ಆಗುತ್ತದೆ, ‘ಅವರು ತಮ್ಮ ಊರಿಗೆ ಹೋದರು’ ಎನ್ನುವಾಗಿನಂತೆ ಅವರವರದೇ ಎಂದೂ ಆಗುತ್ತದೆ. ವಾಕ್ಯದಲ್ಲಿ ‘ಕೊರಿಯರ್‌ನವರು’ ಮೊದಲೇ ಬಂದು ಕೂತಿದ್ದರಿಂದ ಅರ್ಥ ಅವರ ಕಡೆಗೇ ವಾಲಿತು. ಒಟಿಪಿ ಇವರ ಮೊಬೈಲಿಗೇ ಬಂದು ಬಿದ್ದಿತ್ತು, ಇವರು ನೋಡಲೇ ಇಲ್ಲ. ಬಾಗಿಲಿಗೆ ಬಂದ ಕೊರಿಯರ್‌ನವರು ಬರಿಗೈಲಿ ಹೋದರು. ‘ನಿಮ್ಮ ಮೊಬೈಲಿಗೆ’ ಎಂದಿದ್ದರೆ ಈ ಗೊಂದಲಕ್ಕೆ ಜಾಗವೇ ಇರುತ್ತಿರಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ‘ತಾವು’ ಚೆಂದ. ಹಣ, ವಿಳಾಸ, ಒಟಿಪಿಯ ಮಾತಿನಲ್ಲಿ ಅದನ್ನು ನಾನು ಬಿಟ್ಟೇಬಿಟ್ಟಿದ್ದೇನೆ.

ಹಾಗಾಗಿ ಎಲ್ಲ ವಯಸ್ಸಿನವರಿಗೂ ‘ನೀವು’. ಆದರೆ ಆ ಪದ ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲೂ ಕೂತಿರುತ್ತದೆ. ‘ಕಳಿಸು’ ಅಂದರೆ ನೀನು, ‘ಕಳಿಸಿ’ ಅಂದರೆ ನೀವು. ‘ಕಟ್ಟಿದ್ದೀಯ’, ‘ಕಟ್ಟಿದ್ದೀರಿ’ ಕೂಡ ಹಾಗೆಯೇ. ಹಳೆಯ ಸಿದ್ಧ ಉತ್ತರಗಳ ತುಂಡುಗಳನ್ನು ಜೋಡಿಸುವಾಗ ಇಲ್ಲೇ ಎಡವುತ್ತಾರೆ: ‘ನಿಮ್ಮ ಆರ್ಡರ್ ನಂಬರ್ ಹಾಕಿ, ಕೆಳಗಿನ ಬಟನ್ ಒತ್ತು.’ ಸಿದ್ಧ ಉತ್ತರಗಳಲ್ಲಿ ‘ನೀನು’, ‘ನಿನ್ನ’, ‘ನಿನಗೆ’ ಎಂದು ಹುಡುಕಿದರೆ ಈ ‘ಒತ್ತು’ ಸಿಗುವುದಿಲ್ಲ. ಪ್ರತಿ ವಾಕ್ಯದ ಕೊನೆಯ ಪದವನ್ನು ಕಣ್ಣಿಟ್ಟು ಓದಬೇಕು. ಬೇರೆ ದಾರಿ ನನಗೆ ಕಂಡಿಲ್ಲ. ಹುಬ್ಬಳ್ಳಿ, ಧಾರವಾಡದ ಕಡೆಯವರು ‘ಹೇಳ್ರಿ’ ಎಂದು ಬರೆದರೂ ನಮ್ಮ ‘ಹೇಳಿ’ ಅವರಿಗೆ ಒರಟಲ್ಲ. ಅವರ ಧಾಟಿಯನ್ನು ಅನುಕರಿಸಲು ಹೋಗುವುದು ಬೇಡ.

ಕ್ರಿಯಾಪದವೇ ಗೌರವ ಹೊತ್ತಿರುವುದರಿಂದ ಎಷ್ಟೋ ಕಡೆ ‘ನೀವು’ ಬೇಕಾಗಿಯೂ ಇಲ್ಲ. ‘ಒಡೆದ ಜಾರಿನ ಫೋಟೊ ಕಳಿಸಿ’ ಎಂದರೆ ಸಾಕು. ‘ನೀವು ಫೋಟೊ ಕಳಿಸಿ’ ಎಂದಾಗ ಬೇರೆ ಯಾರೋ ಅಲ್ಲ, ನೀವೇ ಎಂದು ಒತ್ತಿ ಹೇಳಿದಂತಾಗುತ್ತದೆ. ದೂರಿನ ವಿಷಯದಲ್ಲಿ ಈ ಒತ್ತು ಇನ್ನೂ ಚುಚ್ಚುತ್ತದೆ. ‘ನೀವು ಹಣ ಕಟ್ಟಿಲ್ಲ’ ಎಂಬುದು ಆರೋಪ. ‘ಹಣ ಇನ್ನೂ ನಮಗೆ ಜಮಾ ಆಗಿಲ್ಲ’ ಎಂಬುದು ಸುದ್ದಿ. ಬ್ಯಾಂಕಿನಿಂದ ಹಣ ಹೋಗಿ ನಡುವೆ ಸಿಕ್ಕಿಕೊಂಡಿದ್ದರೆ ಎರಡನೆಯದೇ ನಿಜ ಕೂಡ.

ಸರ್, ಮೇಡಂ ಬಗ್ಗೆಯೂ ಎಚ್ಚರ ಬೇಕು. ಕಿರಣ್ ಎಂಬ ಹೆಸರು ಹೆಣ್ಣಿಗೂ ಇರುತ್ತದೆ, ಗಂಡಿಗೂ. ‘ಕಿರಣ್ ಅವರೇ, ನಮಸ್ಕಾರ’ ಎಂದರೆ ಯಾರಿಗೂ ತಪ್ಪಾಗದು. ‘ನೋಡಪ್ಪ, ನಂಗೆ ಎಪ್ಪತ್ತು ವರ್ಷ’ ಎಂದು ಬರೆದವರಿಗೆ ಮಾತ್ರ ‘ಅಜ್ಜಿ’ ಅನ್ನಲು ಮನಸ್ಸಾಗುತ್ತದೆ. ಆದರೆ ಬರೆದವರು ಅಜ್ಜನೂ ಆಗಿರಬಹುದಲ್ಲ! ಅವರು ‘ಅಪ್ಪ’ ಅನ್ನಲಿ, ನಾವು ‘ನೀವು’ ಅನ್ನೋಣ.

ಮನೆಯ ಇತರರ ಮಾತು ಬಂದಾಗಲೂ ಕೈ ಜಾರುತ್ತದೆ. ಗ್ರಾಹಕರಿಗೆ ‘ನೀವು’ ಅಂದವರೇ ‘ನಿಮ್ಮ ತಾಯಿ ಫೋನ್ ಎತ್ತಲಿಲ್ಲ, ಡೆಲಿವರಿಯವನು ವಾಪಸ್ ಹೋದ’ ಎಂದು ಬರೆದದ್ದನ್ನು ನೋಡಿದ್ದೇನೆ. ‘ತಾಯಿಯವರ ಫೋನಿಗೆ ಕರೆ ಸಿಗಲಿಲ್ಲ, ಡೆಲಿವರಿಯವರು ವಾಪಸ್ ಬಂದರು’ ಎಂದರೆ ಮೂವರ ಮರ್ಯಾದೆಯೂ ಉಳಿಯುತ್ತದೆ.

ಜಾರಿನವರಿಗೆ ಕೊನೆಗೆ ಹೋದ ಉತ್ತರ ಹೀಗಿತ್ತು: ‘ನಮಸ್ಕಾರ. ನಮ್ಮ ಹಿಂದಿನ ಉತ್ತರ ಸ್ಪಷ್ಟವಾಗಿರಲಿಲ್ಲ, ಕ್ಷಮಿಸಿ. ನಾಳೆ ಕೊರಿಯರ್‌ನವರು ಮತ್ತೆ ಬರುತ್ತಾರೆ. ಒಟಿಪಿ ನಿಮ್ಮ ಮೊಬೈಲಿಗೆ ಬರುತ್ತದೆ. ಜಾರ್ ಕೊಡುವಾಗ ಅದನ್ನು ಅವರಿಗೆ ತೋರಿಸಿ.’