‘ಆರ್ಟ್ಸಾ? ಯಾಕೆ, ಮಾರ್ಕ್ಸ್ ಕಡಿಮೆ ಬಂತಾ?’

ಪಿಯು ಕಾಲೇಜಿನ ಕ್ಯಾಂಟೀನಿನಲ್ಲಿ ಈ ಪ್ರಶ್ನೆಗೆ ವಯಸ್ಸಾಗುವುದೇ ಇಲ್ಲ. ಪಿಸಿಎಂಬಿ ಹುಡುಗ ಕೇಳುತ್ತಾನೆ, ಕಲಾ ವಿಭಾಗದವಳು ‘ನಿನ್ನ ಟ್ಯೂಷನ್ ಬಸ್ ಹೋಯ್ತು ನೋಡು’ ಎನ್ನುತ್ತಾಳೆ. ಕಾಮರ್ಸಿನವನದು ಒಂದೇ ಮಾತು: ‘ನಾಳೆ ನಿಮ್ಮಿಬ್ಬರ ಟ್ಯಾಕ್ಸ್ ಲೆಕ್ಕ ಮಾಡೋನು ನಾನೇ!’

ಈ ಕೀಟಲೆಯಲ್ಲಿ ವಿಜ್ಞಾನದವರ ಕೈ ಮೇಲಾಗುವುದು ಬುದ್ಧಿಯಿಂದಲ್ಲ, ಪ್ರವೇಶದ ನಿಯಮಗಳಿಂದ. ವಿಜ್ಞಾನ ಓದಿದವರು ಮುಂದೆ ಬಿ.ಎ., ಬಿ.ಕಾಂ. ಸೇರಬಹುದು. ಎಂಜಿನಿಯರಿಂಗ್, ವೈದ್ಯಕೀಯದ ಬಾಗಿಲು ಮಾತ್ರ ಇತಿಹಾಸ, ಸಮಾಜಶಾಸ್ತ್ರ ಓದಿದವರಿಗೆ ತೆರೆಯುವುದಿಲ್ಲ. ದಾರಿ ಒಂದೇ ಕಡೆಗಿದ್ದರೆ ಜನ ಅದನ್ನು ಎತ್ತರವೆಂದೇ ತಿಳಿಯುತ್ತಾರೆ. ಹಾಗಾಗಿ ಹತ್ತನೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು, ಇಷ್ಟವಿರಲಿ ಬಿಡಲಿ, ಮನೆಯವರು ಅತ್ತಲೇ ತಳ್ಳುತ್ತಾರೆ. ಆಮೇಲೆ ‘ಜಾಣರೆಲ್ಲ ಸೈನ್ಸಿನಲ್ಲೇ ಇದ್ದಾರೆ’ ಎನ್ನುವವರೂ ಅವರೇ.

ಎಲ್ಲ ಬಾಗಿಲುಗಳೂ ಹೀಗಿಲ್ಲ. ಐದು ವರ್ಷದ ಕಾನೂನು ಪದವಿಗೆ, ಸಿ.ಎ. ಫೌಂಡೇಶನ್ ಪರೀಕ್ಷೆಗೆ ಪಿಯುನಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ನಾಗರಿಕ ಸೇವಾ ಪರೀಕ್ಷೆಗೆ ಯಾವುದೇ ಪದವಿ ಸಾಕು. ಅಲ್ಲಿ ಚರಿತ್ರೆ, ಸಂವಿಧಾನ, ಅರ್ಥಶಾಸ್ತ್ರ ಎಲ್ಲರೂ ಓದಬೇಕು. ಕ್ಯಾಂಟೀನಿನಲ್ಲಿ ನಕ್ಕವರೂ ಕಲಾ ವಿಭಾಗದ ಗೆಳತಿಯ ಹಳೆಯ ನೋಟ್ಸ್ ಕೇಳಿಕೊಂಡು ಬರುವುದುಂಟು.

ಕೋಲಾರದ ಕೆ.ಆರ್. ನಂದಿನಿ ಓದಿದ್ದು ಸಿವಿಲ್ ಎಂಜಿನಿಯರಿಂಗ್. 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಅವರು ದೇಶಕ್ಕೇ ಮೊದಲಿಗರಾದರು. ಐಚ್ಛಿಕವಾಗಿ ಆರಿಸಿಕೊಂಡಿದ್ದ ವಿಷಯ ಕನ್ನಡ ಸಾಹಿತ್ಯ.