ತಪ್ಪಿನಲ್ಲಿ ಯಾರ ಪಾಲು ಎಷ್ಟು?

ಒಂದು ಮೊತ್ತ ಹಲವು ಸಂಗತಿಗಳ ಮೇಲೆ ನಿಂತಿರುವಾಗ, ಮಿಕ್ಕವನ್ನೆಲ್ಲ ಇದ್ದಲ್ಲೇ ಬಿಟ್ಟು ಒಂದನ್ನಷ್ಟೇ ತುಸು ಅಲುಗಿಸಿದರೆ ಅದು ಯಾವ ದರದಲ್ಲಿ ಬದಲಾಗುತ್ತದೆ? ಆ ದರವೇ ಪಾರ್ಶಿಯಲ್ ಡೆರಿವೇಟಿವ್. ಮೂವತ್ತು–ನಲವತ್ತರ ಸೈಟಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅಗಲ 30 ಅಡಿ, ಉದ್ದ 40 ಅಡಿ, ವಿಸ್ತೀರ್ಣ 1200 ಚದರ ಅಡಿ. ಉದ್ದವನ್ನು ಮಾತ್ರ ಒಂದಡಿ ಹೆಚ್ಚಿಸಿದರೆ 30 ಚದರ ಅಡಿ ಸೇರುತ್ತದೆ. ಅಗಲವನ್ನು ಮಾತ್ರ ಹೆಚ್ಚಿಸಿದರೆ 40. ಉದ್ದದ ಕಡೆಯ ದರ ಎಷ್ಟೆಂದು ತೀರ್ಮಾನಿಸುವುದು ಅಗಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಸೈಟು ಬದಲಾದರೆ ದರವೂ ಬದಲಾಗುತ್ತದೆ. ಲೆಕ್ಕದ ವಿಧಾನವೂ ಹೊಸದಲ್ಲ: ಉಳಿದ ಚರಗಳನ್ನು ಬರೀ ಅಂಕಿಗಳೆಂದು ಭಾವಿಸಿ, ಪಿಯುಸಿಯಲ್ಲಿ ಕಲಿತ ಡೆರಿವೇಟಿವನ್ನೇ ಮಾಡುವುದು. ಹೊಸದಾಗಿ ಬರುವುದು ∂ ಎಂಬ ಚಿಹ್ನೆಯೊಂದೇ.

ಮೆಷಿನ್ ಲರ್ನಿಂಗಿನಲ್ಲಿ ಆ ಮೊತ್ತದ ಜಾಗದಲ್ಲಿ ಮಾಡೆಲ್ ಮಾಡಿದ ತಪ್ಪಿನ ಅಳತೆ, ಅಂದರೆ ಲಾಸ್, ಇರುತ್ತದೆ. ಉದ್ದ–ಅಗಲಗಳ ಜಾಗದಲ್ಲಿ ಮಾಡೆಲಿನ ತೂಕಗಳು. ಆದರೆ ತೂಕ ನೇರವಾಗಿ ಲಾಸನ್ನು ಮುಟ್ಟುವುದಿಲ್ಲ. ನಡುವೆ ಹಲವು ಮೆಟ್ಟಿಲುಗಳಿವೆ. ಅವನ್ನು ದಾಟಿಸುವುದೇ ಚೈನ್ ರೂಲ್. ಒಂದೇ ಒಂದು ನ್ಯೂರಾನನ್ನು ತೆಗೆದುಕೊಂಡು ಲೆಕ್ಕ ಮಾಡಿದರೆ ಇದು ಪೂರ್ತಿ ಕೈಗೆ ಸಿಗುತ್ತದೆ.

```
z = w·x + b
a = 1 / (1 + e^(-z))
L = (a - y)²
```

ವಿದ್ಯಾರ್ಥಿಯೊಬ್ಬ ಓದಿದ ಗಂಟೆಗಳು x = 2, ಅವನು ಪಾಸಾಗಿದ್ದಾನೆ, ಆದ್ದರಿಂದ y = 1 ಎಂದಿರಲಿ. ಈಗಿನ ತೂಕ w = 0.5, b = −1. ಆಗ z ಸೊನ್ನೆ, a = 0.5, ಲಾಸ್ 0.25. ಪಾಸೋ ಫೇಲೋ ಹೇಳಲಾರದೆ ನ್ಯೂರಾನು ನಡುವೆ ನಿಂತಿದೆ.

w ಅಲುಗಿದರೆ z ಅಲುಗುತ್ತದೆ, z ಅಲುಗಿದರೆ a, a ಅಲುಗಿದರೆ L. ಪ್ರತಿ ಮೆಟ್ಟಿಲಿನ ದರವನ್ನು ಬೇರೆ ಬೇರೆಯಾಗಿ ಕಂಡುಹಿಡಿದು ಗುಣಿಸಬೇಕು. ಚೈನ್ ರೂಲ್ ಹೇಳುವುದು ಇಷ್ಟೇ. ಲಾಸಿನ ಕಡೆಯಿಂದ ಹಿಂದಕ್ಕೆ ಬಂದರೆ, ಮೊದಲ ದರ 2(a − y), ಅಂದರೆ −1. ಎರಡನೆಯದು a(1 − a), ಅಂದರೆ 0.25. ಮೂರನೆಯದು z ಮತ್ತು w ನಡುವಿನದು, ಅದು x, ಅಂದರೆ 2.

```
∂L/∂w = (-1) × 0.25 × 2 = -0.5
∂L/∂b = (-1) × 0.25 × 1 = -0.25
```

ಮೊದಲ ಎರಡು ಅಂಕಿಗಳು ಎರಡೂ ಸಾಲುಗಳಲ್ಲಿ ಒಂದೇ. ಹಿಂದಿನಿಂದ ಲೆಕ್ಕ ಶುರುಮಾಡುವುದರ ಲಾಭ ಇದರಲ್ಲಿದೆ: ಒಮ್ಮೆ ಗುಣಿಸಿಟ್ಟದ್ದು ಎಲ್ಲ ತೂಕಗಳಿಗೂ ಬಳಕೆಯಾಗುತ್ತದೆ. ಬ್ಯಾಕ್‌ಪ್ರೊಪಗೇಷನ್ ಎಂಬ ಹೆಸರಿನ ಹಿಂದಿರುವುದು ಈ ಮಿತವ್ಯಯವೇ. ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಅದು ಹೆಚ್ಚು ಪ್ರಚಾರಕ್ಕೆ ಬಂತು.

ಋಣ ಚಿಹ್ನೆಯ ಅರ್ಥ, ತೂಕ ಏರಿದರೆ ಲಾಸ್ ಇಳಿಯುತ್ತದೆ ಎಂದು. ಆದ್ದರಿಂದ ದರದ ವಿರುದ್ಧ ದಿಕ್ಕಿನಲ್ಲಿ, ಅದರ ಹತ್ತನೇ ಒಂದರಷ್ಟು ಸರಿದರೆ w 0.55 ಆಗುತ್ತದೆ, b −0.975. ಮತ್ತೆ ಲೆಕ್ಕ ಮಾಡಿದರೆ a ಸುಮಾರು 0.53, ಲಾಸ್ ಸುಮಾರು 0.22. ಒಂದು ಹೆಜ್ಜೆ ಕಲಿತಂತಾಯಿತು.

ಗುಣಾಕಾರದಲ್ಲಿ ಎಡವಿದರೆ ಪ್ರೋಗ್ರಾಂ ಏನೂ ದೂರು ಹೇಳುವುದಿಲ್ಲ, ಸುಮ್ಮನೆ ತಪ್ಪಾಗಿ ಕಲಿಯುತ್ತದೆ. ಪತ್ತೆಮಾಡಲು ಒಂದು ಹಳೆಯ, ನಂಬಿಕೆಯ ಉಪಾಯವಿದೆ. w ಅನ್ನು ನಿಜಕ್ಕೂ ಅಲುಗಿಸಿ ನೋಡುವುದು. 0.501ರಲ್ಲಿ ಲಾಸ್ 0.2495, 0.499ರಲ್ಲಿ 0.2505. ವ್ಯತ್ಯಾಸ −0.001, ಅದನ್ನು 0.002ರಿಂದ ಭಾಗಿಸಿದರೆ −0.5. ಮೇಲಿನ ಉತ್ತರಕ್ಕೆ ತಾಳೆಯಾಯಿತು.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಒಂದೇ ತೂಕ ಎರಡು ದಾರಿಗಳಲ್ಲಿ ಲಾಸನ್ನು ತಲುಪುವಾಗ. ಒಂದು ದಾರಿಯ ಉದ್ದಕ್ಕೂ ಗುಣಿಸಬೇಕು, ದಾರಿಗಳನ್ನು ಪರಸ್ಪರ ಕೂಡಬೇಕು. u = 3w, v = w², L = u·v, w = 2 ಎಂದುಕೊಂಡರೆ, u ಮೂಲಕ ಬರುವ ಪಾಲು 4 × 3 = 12; v ಮೂಲಕ 6 × 4 = 24; ಒಟ್ಟು 36. L ಎಂದರೆ 3w³, ಅದರ ಡೆರಿವೇಟಿವ್ 9w², ಅದೂ 36. ಒಂದು ದಾರಿಯನ್ನು ಮರೆತರೆ ಉತ್ತರದ ಚಿಹ್ನೆ ಸರಿಯಿದ್ದೂ ಅಳತೆ ತಪ್ಪಬಹುದು, ಆಗ ಲಾಸ್ ಇಳಿಯುತ್ತಲೇ ಇರುತ್ತದೆ, ತಪ್ಪು ಬಹುಕಾಲ ಅಡಗಿರುತ್ತದೆ.

ಗುಣಾಕಾರದ ಸರಪಳಿಗೆ ತನ್ನದೇ ತೊಂದರೆಯೂ ಇದೆ. ಮೇಲೆ ಬಂದ a(1 − a) ಎಂದೂ 0.25ನ್ನು ಮೀರುವುದಿಲ್ಲ. ಅಂಥ ಹತ್ತು ಪದರಗಳಿದ್ದರೆ ಈ ಅಂಶಗಳಷ್ಟರ ಗುಣಲಬ್ಧವೇ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ತೂಕಗಳು ದೊಡ್ಡವಾಗಿ ಅದನ್ನು ಸರಿದೂಗಿಸದಿದ್ದರೆ, ಮೊದಲ ಪದರಗಳಿಗೆ ತಪ್ಪಿನ ಸುದ್ದಿಯೇ ತಲುಪುವುದಿಲ್ಲ, ಅವು ಇದ್ದಲ್ಲೇ ಇರುತ್ತವೆ. ಪದರವಾರು ಗ್ರೇಡಿಯೆಂಟಿನ ಗಾತ್ರವನ್ನು ಅಚ್ಚುಹಾಕಿ ನೋಡಿದರೆ ಇದು ಗೊತ್ತಾಗುತ್ತದೆ. ರೆಲು ಎಂಬ ಫಂಕ್ಷನ್ ಜನಪ್ರಿಯವಾಗಲು ಇದೊಂದು ಕಾರಣ: z ಧನವಾಗಿದ್ದಾಗ ಅದರ ದರ 1, ಎಷ್ಟು ಬಾರಿ ಗುಣಿಸಿದರೂ ಸವೆಯದು. z ಋಣವಾದಾಗ ಮಾತ್ರ ದರ ಸೊನ್ನೆ. ಎಲ್ಲ ಉದಾಹರಣೆಗಳಿಗೂ z ಋಣವಾಗಿಯೇ ಉಳಿದ ನ್ಯೂರಾನಿನ ತೂಕಗಳಿಗೆ ಲಾಸಿನಿಂದ ಯಾವ ತಿದ್ದುಪಡಿಯೂ ಬರುವುದಿಲ್ಲ.