ಕೊಚ್ಚಿಹೋಗುವ ಮಣ್ಣಿಗೊಂದು ಅಂಕಿ

ಒಂದೇ ಇಳಿಜಾರು, ಒಂದೇ ಮಳೆ, ಉತ್ತು ಖಾಲಿ ಬಿಟ್ಟ ಎರಡು ಹೊಲ. ಒಂದರಿಂದ ಹರಿಯುವ ನೀರು ದಟ್ಟ ಕೆಂಪಗಿದ್ದರೆ ಇನ್ನೊಂದರದ್ದು ಬಹುಮಟ್ಟಿಗೆ ತಿಳಿ. ಈ ವ್ಯತ್ಯಾಸ ಮಣ್ಣಿನ ಸ್ವಭಾವದ್ದು. ಸವಕಳಿಯ ಲೆಕ್ಕದಲ್ಲಿ ಇದನ್ನು K ಎನ್ನುತ್ತಾರೆ. ಇದನ್ನು ನೇರವಾಗಿ ಅಳೆಯಬೇಕಾದರೆ 22.1 ಮೀಟರ್ ಉದ್ದ, ಶೇ. 9 ಇಳಿಜಾರಿನ ತುಂಡು ಜಮೀನನ್ನು ಬೆಳೆಯಿಲ್ಲದೆ ಉಳುತ್ತ, ವರ್ಷಗಟ್ಟಲೆ ಹರಿದುಬಂದ ಮಣ್ಣನ್ನು ತೂಗಬೇಕು. ಎಲ್ಲ ಮಣ್ಣಿಗೂ ಅದು ಆಗದ ಮಾತು. ಹಾಗಾಗಿ 1971ರಲ್ಲಿ ಅಮೆರಿಕದ ವಿಶ್ಮಯರ್, ಜಾನ್ಸನ್ ಮತ್ತು ಕ್ರಾಸ್ ಒಂದು ನೋಮೋಗ್ರಾಫ್ ರೂಪಿಸಿದರು. ಮಣ್ಣಿನ ಪರೀಕ್ಷೆಯ ಅಂಕಿಗಳನ್ನು ಹಿಡಿದು ಗೆರೆಯಿಂದ ಗೆರೆಗೆ ಸಾಗಿದರೆ K ಸಿಗುವಂಥ ನಕ್ಷೆ ಅದು.

ಅವರು ಕಂಡ ಮುಖ್ಯ ಸಂಗತಿ ಕಣದ ಗಾತ್ರಕ್ಕೆ ಸಂಬಂಧಿಸಿದ್ದು. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಸುಲಭವಾಗಿ ಕದಲುವುದಿಲ್ಲ. ದಪ್ಪ ಮರಳು ಭಾರ, ಹರಿವ ನೀರಿಗೆ ಅದನ್ನು ದೂರ ಒಯ್ಯುವುದು ಕಷ್ಟ. ನಡುವಿನ ರೇವೆಗೆ, ಅಂದರೆ ಸಿಲ್ಟ್‌ಗೆ, ಅಂಟೂ ಇಲ್ಲ, ಭಾರವೂ ಇಲ್ಲ. 0.05ರಿಂದ 0.1 ಮಿ.ಮೀ.ವರೆಗಿನ ಅತಿನುಣ್ಣನೆ ಮರಳು ವರ್ಗೀಕರಣದಲ್ಲಿ ಮರಳೇ ಆದರೂ ಮಳೆಯ ಮುಂದೆ ರೇವೆಯಂತೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ನಕ್ಷೆಯಲ್ಲಿ ಅದನ್ನು ರೇವೆಯ ಜೊತೆಗೇ ಕೂಡಿಸಬೇಕು.

ಕೆಂಪು ಮರಳುಗೋಡು ಮಣ್ಣೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಜೇಡಿ ಶೇ. 18, ರೇವೆ 22, ಅತಿನುಣ್ಣನೆ ಮರಳು 14, ಉಳಿದ ಮರಳು 46. ಸಾವಯವ ಇಂಗಾಲ ಶೇ. 0.5. ನಕ್ಷೆ ಕೇಳುವುದು ಇಂಗಾಲವನ್ನಲ್ಲ, ಸಾವಯವ ಪದಾರ್ಥವನ್ನು, ಹಾಗಾಗಿ 1.724ರಿಂದ ಗುಣಿಸಿ ಶೇ. 0.86 ಎಂದು ಇಟ್ಟುಕೊಳ್ಳಬೇಕು. ಮಣ್ಣು ಸಣ್ಣ ಹರಳು ಹರಳಾಗಿ ಒಡೆಯುತ್ತದೆ, ರಚನೆಯ ಸಂಕೇತ 2. ನೀರು ಮಧ್ಯಮ ವೇಗದಲ್ಲಿ ಇಂಗುತ್ತದೆ, ಸಂಕೇತ 3.

ನಕ್ಷೆಯ ಎಡಬದಿಯಲ್ಲಿ ರೇವೆ ಮತ್ತು ಅತಿನುಣ್ಣನೆ ಮರಳಿನ ಮೊತ್ತವಾದ 36ರಿಂದ ಹೊರಟು, 46ರ ಮರಳಿನ ಗೆರೆ ಮುಟ್ಟುವತನಕ ಅಡ್ಡಲಾಗಿ ಹೋಗಬೇಕು. ಅಲ್ಲಿಂದ ಲಂಬವಾಗಿ ತಿರುಗಿ ಸಾವಯವ ಪದಾರ್ಥದ ಗೆರೆಗೆ, ಆಮೇಲೆ ರಚನೆಯ ಗೆರೆಗೆ, ಕೊನೆಗೆ ನೀರಿಂಗುವಿಕೆಯ ಗೆರೆಗೆ. ಅದೇ ಪಯಣದ ಸೂತ್ರರೂಪ ಹೀಗಿದೆ:

```
M = (ರೇವೆ + ಅತಿನುಣ್ಣನೆ ಮರಳು) × (100 − ಜೇಡಿ)
100K = 0.00021 × M^1.14 × (12 − a) + 3.25(b − 2) + 2.5(c − 3)
```

ಇಲ್ಲಿ a ಸಾವಯವ ಪದಾರ್ಥ, b ರಚನೆ, c ನೀರಿಂಗುವಿಕೆ. ನಮ್ಮ ಮಣ್ಣಿನ M 2952, K ಸುಮಾರು 0.21. ರಚನೆ 2, ನೀರಿಂಗುವಿಕೆ 3 ಆದ್ದರಿಂದ ಕೊನೆಯ ಎರಡು ಪದಗಳೂ ಸೊನ್ನೆ.

ಈಗ ಅತಿನುಣ್ಣನೆ ಮರಳನ್ನು ಮಾಮೂಲಿ ಮರಳಿನ ಲೆಕ್ಕಕ್ಕೇ ಬಿಟ್ಟು ನೋಡಿ. M 1804ಕ್ಕೆ ಇಳಿಯುತ್ತದೆ, K ಬರೀ 0.12. ಅದೇ ಮಣ್ಣಿನ ಸವಕಳಿ ಕಾಗದದ ಮೇಲೆ ಹೆಚ್ಚುಕಡಿಮೆ ಅರ್ಧವಾಯಿತು! ನಮ್ಮಲ್ಲಿ ಈ ತಪ್ಪಿಗೆ ಅವಕಾಶ ಜಾಸ್ತಿ. ಅಂತರರಾಷ್ಟ್ರೀಯ ಪದ್ಧತಿಯ ವರದಿಯಲ್ಲಿ ರೇವೆ 0.02 ಮಿ.ಮೀ.ಗೇ ಮುಗಿಯುತ್ತದೆ, 0.02ರಿಂದ 0.2ರವರೆಗಿನದೆಲ್ಲ ನುಣ್ಣನೆ ಮರಳು. ನಕ್ಷೆಗೆ ಬೇಕಾದ 0.05 ಮತ್ತು 0.1ರ ಗಡಿಗಳು ಅದರೊಳಗೆ ಮುಳುಗಿಹೋಗಿರುತ್ತವೆ. ಅಂಥ ವರದಿಯ ಅಂಕಿಗಳನ್ನು ನೇರವಾಗಿ ಹಾಕದೆ, ಮರಳನ್ನು ಆ ಗಡಿಗಳ ಜರಡಿಗಳಲ್ಲಿ ಮತ್ತೆ ಬೇರ್ಪಡಿಸಿಕೊಡಿ ಎಂದು ಪ್ರಯೋಗಾಲಯವನ್ನು ಕೇಳಬೇಕು.

ಏಕಮಾನದ ಎಡವಟ್ಟು ಇದಕ್ಕಿಂತ ದೊಡ್ಡದು. ಸೂತ್ರ ಕೊಡುವ K ಅಮೆರಿಕದ ಹಳೆಯ ಏಕಮಾನದಲ್ಲಿದೆ. ಮೆಟ್ರಿಕ್ ಮಳೆಲೆಕ್ಕದ ಜೊತೆ ಬಳಸಲು 0.1317ರಿಂದ ಗುಣಿಸಬೇಕು, ಆಗ 0.21 ಎಂಬುದು 0.028 ಆಗುತ್ತದೆ. ಮರೆತರೆ ಸವಕಳಿ ಏಳೂವರೆ ಪಟ್ಟು ಉಬ್ಬುತ್ತದೆ. ಮೆಟ್ರಿಕ್ ಲೆಕ್ಕದಲ್ಲಿ K ಎಂದು 0.2, 0.3ರಂಥ ಅಂಕಿ ಕಂಡರೆ ಅಲ್ಲೇ ಅನುಮಾನಪಡಬೇಕು.

ನೀರಿಂಗುವಿಕೆಯ ಸಂಕೇತವನ್ನು ಮೇಲ್ಮಣ್ಣು ನೋಡಿ ಕೊಡುವಂತಿಲ್ಲ, ಅದು ಇಡೀ ಆಳದ್ದು. ನೇಗಿಲ ತಳದಲ್ಲಿ ಗಟ್ಟಿಪದರ ಕೂತಿದ್ದರೆ ನಮ್ಮ ಮಣ್ಣಿನ ಸಂಕೇತ 5 ಆಗಬಹುದು, K 0.26ಕ್ಕೆ ಏರುತ್ತದೆ. ಗುಂಡಿ ತೆಗೆದು ನೋಡದೆ ಇದು ತಿಳಿಯದು.

ಈ ನಕ್ಷೆ ಹುಟ್ಟಿದ್ದು ಅಮೆರಿಕದ ಮಧ್ಯಪಶ್ಚಿಮದ ಗೋಡು ಮಣ್ಣುಗಳ ಅನುಭವದಿಂದ. ರೇವೆ ಮತ್ತು ಅತಿನುಣ್ಣನೆ ಮರಳು ಸೇರಿ ಶೇ. 70 ದಾಟಿದರೆ ಸೂತ್ರ ಸಲ್ಲದು. ಸಾವಯವ ಪದಾರ್ಥದ ಗೆರೆಗಳೂ ಶೇ. 4ಕ್ಕೆ ಮುಗಿಯುತ್ತವೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಜೇಡಿಯ ಕಣಗಳು ಬಿಗಿದುಕೊಂಡು ಮರಳಿನ ಗಾತ್ರದ ಗುಳಿಗೆಗಳಾಗಿರುವುದುಂಟು. ಪ್ರಯೋಗಾಲಯ ಅವನ್ನು ರಾಸಾಯನಿಕ ಹಾಕಿ ಬಿಡಿಸಿ ಅಳೆಯುತ್ತದೆ, ಮಳೆ ಬಿಡಿಸುವುದಿಲ್ಲ. ಎರೆಮಣ್ಣಿನದ್ದು ಬೇರೆಯೇ ತೊಡಕು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳಲ್ಲಿ ಮೊದಲ ಮಳೆ ಸರಾಗ ಇಳಿಯುತ್ತದೆ. ನೆನೆದು ಉಬ್ಬಿದ ಮೇಲೆ ನೀರು ಇಂಗುವುದೇ ಇಲ್ಲವೆನ್ನಬಹುದು. ಒಂದಕ್ಕೆ ಸಂಕೇತ 2, ಇನ್ನೊಂದಕ್ಕೆ 6 ಕೊಟ್ಟರೆ ಅದೇ ಹೊಲದ K ಒಂದೇ ಹಂಗಾಮಿನಲ್ಲಿ 0.10ರಷ್ಟು ಬದಲಾಗುತ್ತದೆ. ಅಂಥ ಕಡೆ ಇಳಿಜಾರಿನ ತುದಿಯಲ್ಲಿ ತೊಟ್ಟಿ ಕಟ್ಟಿ ಹರಿದುಬಂದ ಮಣ್ಣನ್ನು ತೂಗುವ ಹಳೆಯ ವಿಧಾನವನ್ನೇ ಹಿಡಿಯಬೇಕು.